ಖುಬಾನಿಯ ಓಟೆ ಒಡೆಯುವ ಮುನ್ನ

ಬೀದರ್, ಕಲಬುರಗಿ ಕಡೆಯ ಮದುವೆ ಊಟದಲ್ಲಿ ಖುಬಾನಿ ಕಾ ಮೀಠಾ ಉಂಡು ಬೆಳೆದವರು ಕೋಲ್ಕತ್ತಾದ ಬೆಹಾಲಾಕ್ಕೆ ಬಂದು ನೆಲೆಸಿದರೂ ಅದನ್ನು ಬಿಡುವುದಿಲ್ಲ. ಬಡಾಬಜಾರಿನಿಂದ ಓಟೆ ಸಮೇತ ಒಣ ಖುಬಾನಿ ತಂದು, ರಾತ್ರಿ ನೆನೆಸಿ, ಸಕ್ಕರೆ ಹಾಕಿ ಬೇಯಿಸಿ, ಕೊನೆಗೆ ಓಟೆ ಒಡೆದು ಒಳಗಿನ ತಿರುಳನ್ನು ಮೇಲೆ ಉದುರಿಸುತ್ತಾರೆ. ಹಣ್ಣಿನಿಂದ ಭಯವಿಲ್ಲ. ನೋಡಿಕೊಳ್ಳಬೇಕಾದದ್ದು ಆ ತಿರುಳನ್ನು.

ಹಂತ 1: ವಿಷ ಯಾವಾಗ ಹುಟ್ಟುತ್ತದೆ ಎಂದು ತಿಳಿಯಿರಿ

ಕಹಿ ತಿರುಳಿನಲ್ಲಿ ಅಮಿಗ್ಡಾಲಿನ್ ಎಂಬ ವಸ್ತು ಇರುತ್ತದೆ. ಅದನ್ನು ಒಡೆಯುವ ಕಿಣ್ವವೂ ಅದೇ ತಿರುಳಿನಲ್ಲಿ ಬೇರೆ ಜಾಗದಲ್ಲಿರುತ್ತದೆ. ಇಡೀ ಬೀಜದಲ್ಲಿ ಎರಡೂ ಸೇರುವುದಿಲ್ಲ. ಅಗಿದಾಗ, ಕುಟ್ಟಿದಾಗ, ಮಿಕ್ಸಿಗೆ ಹಾಕಿದಾಗ ಸೇರುತ್ತವೆ. ಆಗ ಸಕ್ಕರೆ, ಬಾದಾಮಿ ಎಸೆನ್ಸ್‌ನಂಥ ಪರಿಮಳ ಕೊಡುವ ಬೆಂಜಾಲ್ಡಿಹೈಡ್ ಮತ್ತು ಹೈಡ್ರೋಜನ್ ಸೈನೈಡ್ ಹೊರಬರುತ್ತವೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳು ಅದನ್ನು ಬಳಸದಂತೆ ಸೈನೈಡ್ ತಡೆಯುತ್ತದೆ. ಅತಿ ಸ್ವಲ್ಪ ಪ್ರಮಾಣವಾದರೆ ದೇಹ ಅದನ್ನು ಬೇರೆ ರೂಪಕ್ಕೆ ತಿರುಗಿಸಿ ಮೂತ್ರದಲ್ಲಿ ಕಳಿಸುತ್ತದೆ. ಆದ್ದರಿಂದ ಎಷ್ಟು ತಿಂದೆವು, ಎಷ್ಟು ಬೇಗ ತಿಂದೆವು ಎನ್ನುವುದೇ ಇಲ್ಲಿ ಮುಖ್ಯ.

ಹಂತ 2: ತೂಗಿ ಲೆಕ್ಕ ಹಾಕಿ

ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ಒಂದು ಮಿತಿ ಹೇಳಿತು: ಒಂದು ಸಲಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 20 ಮೈಕ್ರೋಗ್ರಾಂ ಸೈನೈಡ್. 60 ಕಿಲೋ ತೂಗುವವರಿಗೆ ಇದು 1.2 ಮಿಲಿಗ್ರಾಂ, 15 ಕಿಲೋ ತೂಗುವ ಮಗುವಿಗೆ ಬರೀ 0.3 ಮಿಲಿಗ್ರಾಂ.

ಈಗ ಹತ್ತು ತಿರುಳನ್ನು ಅಡುಗೆಮನೆಯ ತಕ್ಕಡಿಯಲ್ಲಿಡಿ. 4 ಗ್ರಾಂ ತೂಗಿದವು ಎನ್ನೋಣ, ಒಂದಕ್ಕೆ 0.4 ಗ್ರಾಂ. ಕಹಿ ಖುಬಾನಿ ತಿರುಳಿನ ಒಂದು ಗ್ರಾಮಿನಿಂದ ಸುಮಾರು 3 ಮಿಲಿಗ್ರಾಂ ಸೈನೈಡ್ ಬರಬಹುದು. ಅಂದರೆ ಒಂದೇ ತಿರುಳಿಗೆ ದೊಡ್ಡವರ ಮಿತಿ ಮುಗಿಯಿತು. ಅದೇ ತಿರುಳು ಮಗುವಿನ ಮಿತಿಯ ನಾಲ್ಕು ಪಟ್ಟು. ಇದು ಸಾಯುವ ಪ್ರಮಾಣವಲ್ಲ, ದಾಟಬಾರದ ಗೆರೆ. ಸಾವಿಗೆ ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂ ಸಾಕಾದೀತು ಎಂಬ ಅಂದಾಜಿದೆ. ಚಿಕ್ಕ ಮಕ್ಕಳ ಕೈಗೆ ಈ ತಿರುಳು ಸಿಗಲೇಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಂತ 3: ಸಿಹಿಯೋ ಕಹಿಯೋ ನೋಡಿ

ಲಡಾಖಿನಲ್ಲಿ ಎರಡೂ ಬಗೆ ಬೆಳೆಯುತ್ತವೆ. 2022ರಲ್ಲಿ ಭೌಗೋಳಿಕ ಗುರುತು ಪಡೆದ ರಕ್ತ್ಸೆ ಕಾರ್ಪೋ ಖುಬಾನಿಯ ಓಟೆ ಬೆಳ್ಳಗಿದ್ದು, ತಿರುಳು ಸಿಹಿ. ಆದರೆ ಅಂಗಡಿಯ ಮೂಟೆಯಲ್ಲಿ ಬೇರೆ ಬೇರೆ ಮರಗಳ ಹಣ್ಣು ಬೆರೆತಿರುತ್ತವೆ. ಒಂದು ಸಿಹಿಯಾಯಿತೆಂದು ಉಳಿದವನ್ನು ನಂಬುವಂತಿಲ್ಲ. ದೊಡ್ಡವರೊಬ್ಬರು ಪ್ರತಿ ತಿರುಳಿನ ತುದಿಯಿಂದ ಅಕ್ಕಿಕಾಳಿನಷ್ಟು ಕಚ್ಚಿ, ರುಚಿ ನೋಡಿ ಉಗಿಯಲಿ. ಕಹಿಯಾದದ್ದು ಕಸಕ್ಕೆ. ಸಿಹಿಯಾದವನ್ನೂ ಎರಡು ಮೂರಕ್ಕೆ ನಿಲ್ಲಿಸಿ. ನೂರು ಜನರ ಊಟಕ್ಕೆ ಇಷ್ಟು ತಾಳ್ಮೆ ಯಾರಿಗಿದೆ? ಅಲ್ಲಿ ತಿರುಳು ಬಿಟ್ಟು ಸೀಳಿದ ಬಾದಾಮಿ ಹಾಕಿ.

ಹುರಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಹುರಿದಾಗ ಕಿಣ್ವ ಸಾಯುತ್ತದೆ, ಅಮಿಗ್ಡಾಲಿನ್ ಬಹುಪಾಲು ಉಳಿಯುತ್ತದೆ. ಆಮೇಲೆ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆಯಬಲ್ಲವು. ಇಡೀ ತಿರುಳನ್ನು ನೆನೆಸಿದರೂ ನಂಬಿಕೆಗೆ ಅರ್ಹವಲ್ಲ. ‘ವಿಟಮಿನ್ ಬಿ17’ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಕೊಳ್ಳಬೇಡಿ. ಅದು ಇದೇ ಅಮಿಗ್ಡಾಲಿನ್, ವಿಟಮಿನ್ ಅಲ್ಲ; ಅದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವೂ ಇಲ್ಲ.

ಹಂತ 4: ಬಾದಾಮಿ, ಸೇಬು

ನಾವು ದಿನಾ ನೆನೆಸಿ ತಿನ್ನುವ ಬಾದಾಮಿ ಸಿಹಿ ಜಾತಿಯದು, ಅದರಲ್ಲಿರುವ ಅಮಿಗ್ಡಾಲಿನ್ ತೀರಾ ಅಲ್ಪ. ನಡುವೆ ಎಲ್ಲೋ ಒಂದು ನಾಲಿಗೆ ಸುಡುವಷ್ಟು ಕಹಿ ಬಂದರೆ ಉಗಿದು ಬಾಯಿ ಮುಕ್ಕಳಿಸಿ. ಕಹಿ ಬಾದಾಮಿಯನ್ನೇ ಬೇಕೆಂದು ತಂದು ತಿನ್ನುವುದು ಬೇಡ; ಒಂದರಲ್ಲೇ ಮಿತಿ ದಾಟಬಹುದು.

ಸೇಬಿನ ಬೀಜದ ಭಯ ಮಾತ್ರ ಅತಿಯಾಗಿದೆ. ಇಡಿಯಾಗಿ ನುಂಗಿದ ಬೀಜ ಹಾಗೇ ಹೊರಹೋಗುತ್ತದೆ. ಒಂದು ಹಣ್ಣಿನ ಬೀಜಗಳನ್ನು ದೊಡ್ಡವರು ಅಗಿದರೂ ಮಿತಿಯೊಳಗೇ ಇರುತ್ತಾರೆ. ಆದರೆ ನಾಲ್ಕೈದು ಸೇಬನ್ನು ಬೀಜ ಸಮೇತ ಮಿಕ್ಸಿಯಲ್ಲಿ ಅರೆದು ಮಗುವಿಗೆ ಕುಡಿಸುವುದು ಬೇರೆ ಮಾತು. ನಡುಭಾಗ ತೆಗೆದೇ ಹಾಕಿ.

ಹಂತ 5: ಹೆಚ್ಚು ತಿಂದುಬಿಟ್ಟರೆ

ತಲೆನೋವು, ತಲೆಸುತ್ತು, ವಾಕರಿಕೆ, ಏದುಸಿರು, ಗೊಂದಲ, ನಿಶ್ಶಕ್ತಿ: ನಿಮಿಷಗಳಲ್ಲೂ ಶುರುವಾಗಬಹುದು, ಒಂದೆರಡು ಗಂಟೆ ತಡವಾಗಿಯೂ ಬರಬಹುದು. ಮಗು ಕಹಿ ತಿರುಳು ಅಗಿದಿದ್ದರೆ ಲಕ್ಷಣಕ್ಕಾಗಿ ಕಾಯಬೇಡಿ. ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ವಾಂತಿ ಮಾಡಿಸಬೇಡಿ. 112ಕ್ಕೆ ಕರೆ ಮಾಡಿ, ತುರ್ತು ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಸೈನೈಡ್‌ಗೆ ಪ್ರತಿವಿಷವಿದೆ, ಆದರೆ ವೈದ್ಯರಿಗೆ ಸೈನೈಡಿನ ಅನುಮಾನ ಬಂದರೆ ತಾನೇ ಕೊಡುವುದು. ಹೋದೊಡನೆ ಏನು, ಎಷ್ಟು, ಎಷ್ಟು ಹೊತ್ತಿಗೆ ತಿಂದದ್ದು ಎಂದು ಹೇಳಿ, ಉಳಿದ ತಿರುಳನ್ನೂ ಪೊಟ್ಟಣವನ್ನೂ ಅವರ ಕೈಗೆ ಕೊಡಿ.