ಎರಡು ತಿಂಗಳಲ್ಲಿ ಮೂರು ಮಿಲಿಮೀಟರ್?

ಪ್ರಶ್ನೆ: ನಮ್ಮ ತಂದೆಗೆ 66 ವರ್ಷ, ಇಂಗ್ಲೆಂಡಿನಲ್ಲೇ ನೆಲೆಸಿದ್ದಾರೆ. ಕಳೆದ ವರ್ಷ ಅಲ್ಲಿನ ಸರ್ಕಾರಿ ತಪಾಸಣೆಯಲ್ಲಿ ಅವರ ಹೊಟ್ಟೆಯ ಮಹಾಪಧಮನಿ ಉಬ್ಬಿರುವುದು ಗೊತ್ತಾಯಿತು. ಎರಡು ತಿಂಗಳ ಹಿಂದಿನ ಅಲ್ಟ್ರಾಸೌಂಡ್‌ನಲ್ಲಿ ಅದು 4.6 ಸೆಂ.ಮೀ. ಇತ್ತು. ಈಗ ಮೈಸೂರಿಗೆ ಬಂದಿದ್ದಾಗ ಬೇರೆ ಕಾರಣಕ್ಕೆ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ 4.9 ಎಂದು ಬಂದಿದೆ. ಇಷ್ಟು ಬೇಗ ಬೆಳೆಯಿತೇ? 5.5 ಆಗುವವರೆಗೆ ಕಾಯಿರಿ ಅನ್ನುತ್ತಾರೆ, ಯಾಕೆ?

ಉತ್ತರ: ಬೆಳೆದಿರಲಿಕ್ಕಿಲ್ಲ. ಅಳೆದ ರೀತಿ ಬೇರೆ, ಅಷ್ಟೇ ಇರಬಹುದು.

ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಯ ಮುಂದೆ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಹೊಟ್ಟೆಯೊಳಗೆ ಅದರ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. 3 ಸೆಂ.ಮೀ. ಮುಟ್ಟಿದರೆ ಅದನ್ನು ಅನ್ಯೂರಿಸಂ ಎನ್ನುತ್ತೇವೆ. ಇಂಗ್ಲೆಂಡಿನ ತಪಾಸಣೆಯಲ್ಲಿ ಅಲ್ಟ್ರಾಸೌಂಡ್ ಮಾಡುವವರು ರಕ್ತನಾಳದ ಒಳಗೋಡೆಯಿಂದ ಎದುರಿನ ಒಳಗೋಡೆಯವರೆಗೆ, ಹೊಟ್ಟೆಯಿಂದ ಬೆನ್ನಿನ ದಿಕ್ಕಿಗೆ ಅಳೆಯುತ್ತಾರೆ. ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಹೊರಗೋಡೆಯಿಂದ ಹೊರಗೋಡೆಗೆ ಅಳತೆ. ಎರಡು ಕಡೆಯ ಗೋಡೆಯ ದಪ್ಪವೂ ಲೆಕ್ಕಕ್ಕೆ ಸೇರುವುದರಿಂದ ಅದೇ ನಾಳ ಮೂರು ನಾಲ್ಕು ಮಿಲಿಮೀಟರ್ ಹೆಚ್ಚು ಅಗಲವಾಗಿ ಕಾಣಬಹುದು. ಇನ್ನೊಂದು ತೊಡಕೂ ಉಂಟು. ವಯಸ್ಸಾದವರಲ್ಲಿ ಈ ನಾಳ ಡೊಂಕಾಗಿರುತ್ತದೆ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುವಂತೆ, ಓರೆಯಾಗಿ ಬಿದ್ದ ಸಿ.ಟಿ. ಚಿತ್ರದಲ್ಲೂ ಅಳತೆ ಹಿಗ್ಗುತ್ತದೆ. ನಾಳದ ದಿಕ್ಕಿಗೆ ಅಡ್ಡಲಾಗಿ ಅಳೆದಿದ್ದಾರೆಯೇ, ಯಾವ ಗೋಡೆಯಿಂದ ಯಾವ ಗೋಡೆಗೆ ಎಂದು ರೇಡಿಯಾಲಜಿಸ್ಟರನ್ನೇ ಕೇಳಿ. ಅಲ್ಟ್ರಾಸೌಂಡನ್ನು ಅಲ್ಟ್ರಾಸೌಂಡಿಗೇ ಹೋಲಿಸಬೇಕು. ಆಗಲೂ ಒಬ್ಬರ ಕೈಗೂ ಇನ್ನೊಬ್ಬರ ಕೈಗೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರುವುದು ಸಹಜ.

ಬೆಳವಣಿಗೆಯ ವೇಗವನ್ನೂ ನೋಡೋಣ. 3 ಸೆಂ.ಮೀ. ಇರುವ ಉಬ್ಬು ಸರಾಸರಿ ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ, 5 ಸೆಂ.ಮೀ. ಆದದ್ದು ಮೂರೂವರೆ ಮಿಲಿಮೀಟರಿನಷ್ಟು. ದೊಡ್ಡದಾದಷ್ಟೂ ಓಟ ಹೆಚ್ಚು. ಆದ್ದರಿಂದಲೇ ಇಂಗ್ಲೆಂಡಿನಲ್ಲಿ 3ರಿಂದ 4.4 ಸೆಂ.ಮೀ. ಇದ್ದವರನ್ನು ವರ್ಷಕ್ಕೊಮ್ಮೆ ಕರೆದರೆ, 4.5ರಿಂದ 5.4 ಇದ್ದವರನ್ನು ಮೂರು ತಿಂಗಳಿಗೊಮ್ಮೆ ಕರೆಯುತ್ತಾರೆ. 5.5 ಮುಟ್ಟಿದವರನ್ನು ರಕ್ತನಾಳ ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸುತ್ತಾರೆ. ಅಮೆರಿಕದ ರಕ್ತನಾಳ ತಜ್ಞರ ಸಂಘದ ಸಲಹೆ ಇನ್ನೂ ಸಡಿಲ: ನಿಮ್ಮ ತಂದೆಯ ಅಳತೆಗೆ ಅಲ್ಲಿ ವರ್ಷಕ್ಕೊಮ್ಮೆ ಸಾಕು. ಹಾಗಾಗಿ ಊರಿಗೆ ಬಂದ ಕಾರಣಕ್ಕೆ ಒಂದು ಸ್ಕ್ಯಾನ್ ಕೆಲವು ವಾರ ತಡವಾದರೆ ಗಾಬರಿ ಬೇಡ. ಆದರೆ ಒಂದೇ ರೀತಿಯಲ್ಲಿ ಅಳೆದೂ ವರ್ಷದಲ್ಲಿ 1 ಸೆಂ.ಮೀ. ಹೆಚ್ಚಾಗಿದ್ದರೆ, 5.5 ಆಗಲಿ ಎಂದು ಕೂರಬಾರದು.

ಇನ್ನು ಕಾಯುವುದು ಯಾಕೆ ಎಂಬ ಮಾತು. ಇದನ್ನು ಊಹೆಯ ಮೇಲೆ ನಿರ್ಧರಿಸಿಲ್ಲ. 4ರಿಂದ 5.5 ಸೆಂ.ಮೀ. ಉಬ್ಬಿದ್ದ 1,090 ಮಂದಿಯನ್ನು ಬ್ರಿಟನ್ನಿನ ವೈದ್ಯರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗನೆ ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಸ್ಕ್ಯಾನ್ ಮಾಡುತ್ತಾ ನಿಗಾ. 1998ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆರು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಎರಡರಲ್ಲೂ ಒಂದೇ ಆಗಿತ್ತು. ಬೇಗ ಶಸ್ತ್ರಚಿಕಿತ್ಸೆ ಆದವರಲ್ಲಿ ನೂರಕ್ಕೆ ಸುಮಾರು ಆರು ಮಂದಿ ತಿಂಗಳೊಳಗೇ ತೀರಿಕೊಂಡಿದ್ದರು. ನಿಗಾದಲ್ಲಿದ್ದವರಲ್ಲಿ ಉಬ್ಬು ಒಡೆದದ್ದು ವರ್ಷಕ್ಕೆ ನೂರಕ್ಕೆ ಒಬ್ಬರಲ್ಲಿ. ಈಗ ತೊಡೆಯ ಸಂದಿನ ನಾಳದ ಮೂಲಕ ಸ್ಟೆಂಟ್ ಇಡುವ ಸೌಮ್ಯ ವಿಧಾನ ಬಂದಿದೆ. ಅದನ್ನು ಬೇಗ ಮಾಡಿದರೂ ಸಣ್ಣ ಉಬ್ಬಿನವರ ಆಯುಸ್ಸು ಹೆಚ್ಚಲಿಲ್ಲ. ಈ 5.5 ಗಂಡಸರ ಲೆಕ್ಕ. ಹೆಂಗಸರಲ್ಲಿ ಸಣ್ಣದಿದ್ದಾಗಲೇ ಒಡೆಯುವುದರಿಂದ 5 ಸೆಂ.ಮೀ.ಗೇ ಯೋಚಿಸುತ್ತಾರೆ.

ಕಾಯುವ ಹೊತ್ತಿನಲ್ಲಿ ಮಾಡಬೇಕಾದದ್ದರಲ್ಲಿ ಮೊದಲನೆಯದು ಬೀಡಿ, ಸಿಗರೇಟು ಇದ್ದರೆ ಬಿಡುವುದು. ಧೂಮಪಾನ ಉಬ್ಬನ್ನು ಬೇಗ ಬೆಳೆಸುತ್ತದೆ, ಒಡೆಯುವ ಅಪಾಯವನ್ನು ಸುಮಾರು ಇಮ್ಮಡಿ ಮಾಡುತ್ತದೆ. ಬಿ.ಪಿ. ಹತೋಟಿಯಲ್ಲಿರಲಿ.

ಒಂದು ವಿಷಯ ಮನೆಯವರೆಲ್ಲರಿಗೂ ತಿಳಿದಿರಬೇಕು. ಹೊಟ್ಟೆ, ಬೆನ್ನು ಅಥವಾ ಪಕ್ಕೆಯಲ್ಲಿ ಹಠಾತ್ತನೆ ತೀವ್ರ ನೋವು, ಬೆವರು, ತಲೆಸುತ್ತು ಬಂದರೆ ಅಳತೆ ಎಷ್ಟೇ ಇರಲಿ, ಇಲ್ಲಿರುವಾಗ ತಕ್ಷಣ 108ಕ್ಕೆ ಕರೆ ಮಾಡಿ. ಇದನ್ನು ಮೂತ್ರಪಿಂಡದ ಕಲ್ಲಿನ ನೋವೆಂದು ತಪ್ಪು ತಿಳಿಯುವುದುಂಟು, ಆದ್ದರಿಂದ ಅನ್ಯೂರಿಸಂ ಇದೆ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ನೀವು ಕೇಳದ ಇನ್ನೊಂದು ಸಂಗತಿ. ಇಂಗ್ಲೆಂಡಿನಲ್ಲಿ 65 ತುಂಬುವ ವರ್ಷ ಗಂಡಸರಿಗೆ ಈ ತಪಾಸಣೆಗೆ ಕರೆಯುವ ಪತ್ರ ಬರುತ್ತದೆ. ನಮ್ಮಲ್ಲಿ ಅಂಥ ರಾಷ್ಟ್ರಮಟ್ಟದ ಕಾರ್ಯಕ್ರಮವಿಲ್ಲ. ಈ ಕಾಯಿಲೆ ಒಡಹುಟ್ಟಿದವರಲ್ಲೂ ಕಾಣಿಸಿಕೊಳ್ಳುತ್ತದೆ. ಇಲ್ಲಿ ನಿಮ್ಮ ದೊಡ್ಡಪ್ಪ, ಚಿಕ್ಕಪ್ಪ ಇದ್ದರೆ ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಮಹಾಪಧಮನಿಯ ಅಗಲವನ್ನು ವರದಿಯಲ್ಲಿ ಬರೆಯಿರಿ ಎಂದು ಬಾಯಿಬಿಟ್ಟು ಕೇಳಿ.