ಕೂಸಿನ ರಾತ್ರಿ ನಿದ್ದೆ ಮತ್ತು ತಂದೆತಾಯಿಯ ಒಪ್ಪಂದ

ತೊಟ್ಟಿಲು ತೂಗದೆ, ಹಾಲು ಕುಡಿಯುತ್ತಲೇ ಕಣ್ಣು ಮುಚ್ಚುವ ರೂಢಿಯನ್ನೂ ಬಿಟ್ಟು, ಕೂಸು ಮಲಗಿದ ಜಾಗದಲ್ಲಿ ತಾನಾಗಿಯೇ ನಿದ್ದೆಗೆ ಜಾರುವಂತೆ ಹೆತ್ತವರು ಕ್ರಮವಾಗಿ ಅಭ್ಯಾಸ ಮಾಡಿಸುವುದನ್ನು ನಗರದ ಮನೆಗಳಲ್ಲಿ ಈಗ ಸ್ಲೀಪ್ ಟ್ರೇನಿಂಗ್ ಎಂದು ಕರೆಯುತ್ತಾರೆ. ಬೆಳಗಾವಿಯಂಥ ಊರಿನಲ್ಲಿ ಈ ಮಾತು ಸಾಮಾನ್ಯವಾಗಿ ಒಂದು ನಿರ್ದಿಷ್ಟ ಹಂತದಲ್ಲಿ ಏಳುತ್ತದೆ: ಬಾಣಂತನಕ್ಕೆ ಖಾನಾಪುರದಂಥ ತವರಿಗೆ ಹೋದ ಮಗಳು ಕೂಸಿನೊಂದಿಗೆ ಗಂಡನ ಮನೆಗೆ ಮರಳಿರುತ್ತಾಳೆ, 2017ರ ತಿದ್ದುಪಡಿಯಿಂದ ಜಾರಿಗೆ ಬಂದ 26 ವಾರಗಳ ಹೆರಿಗೆ ರಜೆ ಮುಗಿಯುತ್ತ ಬಂದಿರುತ್ತದೆ, ರಾತ್ರಿ ನಾಲ್ಕೈದು ಸಲ ಎದ್ದು ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಹೇಗೆಂಬ ಚಿಂತೆ ಶುರುವಾಗಿರುತ್ತದೆ. ಈ ಲೇಖಕಿಯ ಮನೆಯಲ್ಲಿಯೂ ಪ್ರಶ್ನೆ ಎದ್ದದ್ದು ಅದೇ ಹೊತ್ತಿಗೆ, ಮತ್ತು ಗಂಡಹೆಂಡಿರ ಉತ್ತರಗಳು ಎರಡು ದಿಕ್ಕಿಗಿದ್ದವು.

ಭಿನ್ನಾಭಿಪ್ರಾಯವನ್ನು ಅರಿಯಲು ಕೂಸಿನ ನಿದ್ದೆಯ ಸ್ವರೂಪವನ್ನು ಮೊದಲು ತಿಳಿಯಬೇಕು. ಆರೇಳು ತಿಂಗಳ ಕೂಸಿನ ನಿದ್ದೆ ಸುಮಾರು ಒಂದು ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ, ಸುತ್ತು ಮುಗಿದಾಗ ಕೂಸು ಕ್ಷಣಕಾಲ ಎಚ್ಚರವಾಗುವುದು ಸಹಜ, ದೊಡ್ಡವರೂ ಹೀಗೆ ಎಚ್ಚರವಾಗುತ್ತಾರೆ, ಆದರೆ ಅದು ಬೆಳಗಿನ ಹೊತ್ತಿಗೆ ನೆನಪಿನಲ್ಲಿರುವುದಿಲ್ಲ. ನಿದ್ದೆ ಹತ್ತುವಾಗ ಇದ್ದ ಸ್ಥಿತಿ ಎಚ್ಚರವಾದಾಗಲೂ ಹಾಗೆಯೇ ಇದ್ದರೆ ಕೂಸು ಮತ್ತೆ ಮಲಗುತ್ತದೆ. ತೂಗುತ್ತಿದ್ದ ತೊಟ್ಟಿಲು ನಿಂತಿದ್ದರೆ, ಬಾಯಲ್ಲಿದ್ದ ಮೊಲೆ ಇಲ್ಲವಾಗಿದ್ದರೆ, ಅದನ್ನು ಹುಡುಕಿಕೊಂಡು ಅಳುತ್ತದೆ. ನಿದ್ದೆಯೊಂದಿಗೆ ಹೀಗೆ ಬೆಸೆದುಕೊಂಡ ಸ್ಥಿತಿಯನ್ನು ತಜ್ಞರು ನಿದ್ರಾ ಸಾಹಚರ್ಯ ಎನ್ನುತ್ತಾರೆ. ಯಾವ ವಿಧಾನವೇ ಆಗಲಿ, ಅದರ ಗುರಿ ಎಚ್ಚರಗಳನ್ನು ಇಲ್ಲವಾಗಿಸುವುದಲ್ಲ, ಈ ಸಾಹಚರ್ಯವನ್ನು ಬದಲಿಸುವುದು.

ಹೆಂಡತಿಯ ವಾದವೆಂದರೆ, ನೌಕರಿಗೆ ಮರಳುವ ಮುನ್ನ ಬೇಗ ಫಲ ಕೊಡುವ ವಿಧಾನ ಬೇಕು. ಆಕೆಯ ಮನಸ್ಸಿನಲ್ಲಿದ್ದದ್ದು ಅಮೆರಿಕದ ವೈದ್ಯ ರಿಚರ್ಡ್ ಫರ್ಬರ್ 1985ರ ತಮ್ಮ ಪುಸ್ತಕದಿಂದ ಪ್ರಚಾರಕ್ಕೆ ತಂದ ಕ್ರಮ: ಕೂಸನ್ನು ಎಚ್ಚರವಿರುವಾಗಲೇ ಮಲಗಿಸಿ ಹೊರಬಂದು, ಅತ್ತರೆ ಮೊದಲು ಸ್ವಲ್ಪ ಹೊತ್ತಿಗೆ, ಆಮೇಲೆ ಇನ್ನಷ್ಟು ತಡೆದು ಹೋಗಿ ಸಮಾಧಾನಪಡಿಸಿ ಬರುವುದು. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ಗಂಡನಿಗೆ ಅಳುವ ಕೂಸಿಗೆ ಬೆನ್ನು ಹಾಕಿ ಕೂರುವುದು ಸಾಧ್ಯವಿರಲಿಲ್ಲ, ಅದರಿಂದ ಮಗುವಿಗೆ ಹೆತ್ತವರ ಮೇಲಿನ ನಂಬಿಕೆಯೇ ಹೋದೀತೆಂಬುದು ಅವನ ಭಯ. ಮೂರನೆಯ ಧ್ವನಿ ಖಾನಾಪುರದ ಅಜ್ಜಿಯದು. "ಕೂಸಿನ್ನ ಹಂಗ ಅಳಸಬ್ಯಾಡವ್ವಾ, ದೃಷ್ಟಿ ಆಗಿರತೈತಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಗಿ" ಎಂದು ಆಕೆ ಫೋನಿನಲ್ಲಿಯೇ ತೀರ್ಪು ಕೊಡುತ್ತಿದ್ದಳು. ನಿವಾಳಿಸುವುದರಿಂದ ಯಾರ ಯೋಜನೆಗೂ ಅಡ್ಡಿಯಿಲ್ಲವಾದ್ದರಿಂದ ಆ ಸಲಹೆಯನ್ನು ಇಬ್ಬರೂ ಒಪ್ಪಿಕೊಂಡರು.

ತಂದೆತಾಯಿ ತಮ್ಮ ತಮ್ಮ ನಂಬಿಕೆಯಂತೆ ಬೇರೆ ಬೇರೆಯಾಗಿ ನಡೆದಾಗ ಆಗುವುದೇನೆಂಬುದನ್ನು ವರ್ತನಾ ಮನೋವಿಜ್ಞಾನ ಚೆನ್ನಾಗಿ ವಿವರಿಸುತ್ತದೆ. ಒಂದು ವರ್ತನೆಗೆ ಫಲ ಪ್ರತಿಸಲವೂ ಸಿಗುತ್ತಿದ್ದು ಆಮೇಲೆ ಸಂಪೂರ್ಣ ನಿಂತರೆ ವರ್ತನೆ ಬೇಗ ಅಡಗುತ್ತದೆ. ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ ಅನಿಶ್ಚಿತವಾಗಿದ್ದರೆ ಅದು ಬಹಳ ಗಟ್ಟಿಯಾಗುತ್ತದೆ, ಇದಕ್ಕೆ ಮಧ್ಯಂತರ ಪ್ರಬಲನ ಎಂದು ಹೆಸರು. ತಾಯಿ ಹತ್ತು ನಿಮಿಷ ತಡೆದು ಕೂತಿರುವಾಗ ತಂದೆ ಎದ್ದು ಬಂದು ಕೂಸನ್ನು ತೊಟ್ಟಿಲಿಗೆ ಹಾಕಿ ತೂಗಿದರೆ, ಹತ್ತು ನಿಮಿಷ ಅತ್ತರೆ ತೂಗು ಸಿಗುತ್ತದೆಂಬುದನ್ನು ಕೂಸು ಕಲಿಯುತ್ತದೆ, ಮರುದಿನ ಹದಿನೈದು ನಿಮಿಷ ಅಳಲು ಸಿದ್ಧವಾಗುತ್ತದೆ. ಆದ್ದರಿಂದ ಎಷ್ಟೇ ಉತ್ತಮವಾದ ಎರಡು ವಿಧಾನಗಳಾದರೂ ಒಂದೇ ರಾತ್ರಿಯಲ್ಲಿ ಬೆರೆತರೆ, ಏನೂ ಮಾಡದೆ ಎಂದಿನಂತೆ ತೂಗುವುದಕ್ಕಿಂತಲೂ ಹೆಚ್ಚು ಅಳು ಕೂಸಿನ ಪಾಲಿಗೆ ಬರುತ್ತದೆ. ಕೂಸಿನ ಅಳುವನ್ನು ಕಡಿಮೆ ಮಾಡಬೇಕೆಂಬ ತಂದೆಯ ಉದ್ದೇಶವೇ ಇಲ್ಲಿ ಸೋಲುತ್ತದೆಂಬುದು ಈ ವಾದಕ್ಕೆ ತಿರುವು ಕೊಟ್ಟ ಅಂಶ.

ಸಂಶೋಧನೆಯ ಫಲಿತಗಳು ಇಬ್ಬರ ಹಟವನ್ನೂ ಒಂದಿಷ್ಟು ಸಡಿಲಿಸುತ್ತವೆ. ಆಸ್ಟ್ರೇಲಿಯದಲ್ಲಿ 326 ಮಕ್ಕಳನ್ನು ಅನುಸರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೂಸಿಗೆ ಎಂಟರಿಂದ ಹತ್ತು ತಿಂಗಳಾಗಿದ್ದಾಗ ಕೆಲವು ತಾಯಂದಿರಿಗೆ ಎರಡು ವಿಧಾನಗಳಲ್ಲಿ ಒಂದನ್ನು ಆರಿಸಿಕೊಳ್ಳಲು ನೆರವು ನೀಡಲಾಗಿತ್ತು: ಒಂದು, ಮೇಲೆ ಹೇಳಿದ ತಡೆದು ತಡೆದು ಹೋಗುವ ಕ್ರಮ, ಇನ್ನೊಂದು, ಕೂಸಿನ ಪಕ್ಕದಲ್ಲಿಯೇ ಇದ್ದು ದಿನದಿನಕ್ಕೆ ದೂರ ಸರಿಯುವ ಕ್ರಮ. ಮಕ್ಕಳಿಗೆ ಆರು ವರ್ಷವಾದಾಗ ನೋಡಿದರೆ, ನೆರವು ಪಡೆದವರಿಗೂ ಪಡೆಯದವರಿಗೂ ನಡುವೆ ಮಗುವಿನ ಮನಸ್ಸಿನಲ್ಲಾಗಲಿ ತಾಯಿಯೊಂದಿಗಿನ ನಂಟಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ತಂದೆ ಹೆದರಿದ ಹಾನಿಯೂ ಕಾಣಲಿಲ್ಲ, ತಾಯಿ ನಂಬಿದ ಶಾಶ್ವತ ಲಾಭವೂ ಕಾಣಲಿಲ್ಲ; ಲಾಭವಿದ್ದದ್ದು ಆ ತಿಂಗಳುಗಳ ನಿದ್ದೆಯಲ್ಲಿ ಮತ್ತು ತಾಯಿಯ ಮನಸ್ಸಿನ ನೆಮ್ಮದಿಯಲ್ಲಿ. ಹೀಗಿರುವಾಗ ವೇಗದ ವಿಧಾನವೇ ಬೇಕೆಂದು ಹಿಡಿದು ಕೂರುವುದಕ್ಕೆ ಬಲವಾದ ಕಾರಣ ಉಳಿಯುವುದಿಲ್ಲ, ಬೇಡವೇ ಬೇಡ ಎನ್ನುವುದಕ್ಕೂ ಉಳಿಯುವುದಿಲ್ಲ.

ಆಗ ಆಯ್ಕೆಯ ಅಳತೆಗೋಲು ಬದಲಾಗುತ್ತದೆ. ಯಾವ ವಿಧಾನ ಬೇಗ ಫಲ ಕೊಡುತ್ತದೆಂಬುದನ್ನು ಬಿಟ್ಟು, ಇಬ್ಬರಲ್ಲಿ ಹೆಚ್ಚು ಹಿಂಜರಿಯುವವರು ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಏನನ್ನು ಮಾಡಬಲ್ಲರು ಎಂಬುದನ್ನು ಕೇಳಬೇಕಾಗುತ್ತದೆ, ಏಕೆಂದರೆ ಯೋಜನೆ ಮುರಿದು ಬೀಳುವುದು ಆ ಹೊತ್ತಿನಲ್ಲಿಯೇ. ಮನೆಯ ಸ್ವರೂಪವೂ ಇಲ್ಲಿ ಮುಖ್ಯ. ವಡಗಾವಿಯ ಬಾಡಿಗೆ ಮನೆಯಲ್ಲಿ ಮಲಗುವ ಕೋಣೆ ಒಂದೇ, ಪಕ್ಕದ ಗೋಡೆಯಾಚೆ ಬೇರೆ ಸಂಸಾರ, ಕೂಸನ್ನು ಬಿಟ್ಟು ಹೊರಬರುವುದಕ್ಕೆ ಜಾಗವೂ ಇಲ್ಲ. ಮೊದಲ ಆರು ತಿಂಗಳಾದರೂ ಕೂಸು ಹೆತ್ತವರ ಕೋಣೆಯಲ್ಲಿಯೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಹೇಳುತ್ತದೆ. ಹೀಗಾಗಿ ಪಕ್ಕದಲ್ಲಿದ್ದು ಸರಿಯುವ ಎರಡನೆಯ ಕ್ರಮವೇ ಈ ಮನೆಗೆ ಒಗ್ಗುವಂಥದು. ಅದಕ್ಕೆ ಎರಡು ಮೂರು ವಾರ ಬೇಕಾಗುತ್ತದೆ, ತಾಯಿ ಬಿಟ್ಟುಕೊಟ್ಟದ್ದು ಆ ಅವಸರವನ್ನು. ಕೂಸನ್ನು ಪೂರ್ತಿ ನಿದ್ದೆ ಬರುವತನಕ ತೂಗುವ ರೂಢಿಯನ್ನು ತಂದೆ ಬಿಟ್ಟುಕೊಟ್ಟ.

ಕೂಸಿಗೆ ಆರು ತಿಂಗಳು ತುಂಬಿ, ತೂಕ ಸರಿಯಾಗಿ ಏರುತ್ತಿದೆಯೆಂದು ಮಕ್ಕಳ ವೈದ್ಯರು ಹೇಳಿದ ಮೇಲಷ್ಟೇ ಆರಂಭಿಸಬೇಕೆಂಬುದು ಇಬ್ಬರ ಒಪ್ಪಂದದ ಮೊದಲ ಷರತ್ತು. ಹತ್ತಿಯ ದಪ್ಪ ಗಾದಿ, ಸಾಸಿವೆ ದಿಂಬು, ಮುಖಕ್ಕೆ ಬರುವಂತೆ ಹೊದಿಸುವ ಕೌದಿ ಇವುಗಳನ್ನು ತೆಗೆದು, ಗಟ್ಟಿಯಾದ ಸಪಾಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ ಸೊಳ್ಳೆಪರದೆ ಹಾಕುವುದು ಎರಡನೆಯದು. ಮಲಗುವ ಹೊತ್ತನ್ನು ಗೊತ್ತುಮಾಡುವುದರಲ್ಲಿ ಒಂದು ಸೂಕ್ಷ್ಮವಿದೆ. ದೊಡ್ಡವರಿಗೆ ಎಂಟೂವರೆ ಅನುಕೂಲವೆನಿಸಿದರೂ ಕೂಸು ನಿಜವಾಗಿ ನಿದ್ದೆ ಹೋಗುತ್ತಿದ್ದದ್ದು ಒಂಬತ್ತೂ ಮುಕ್ಕಾಲಿಗೆ. ಆ ನಡುವಿನ ಕಾಲವೆಲ್ಲ ಅಳುವಿಗೇ ಹೋಗುತ್ತಿತ್ತು. ಆದ್ದರಿಂದ ಒಂಬತ್ತೂ ಮುಕ್ಕಾಲನ್ನೇ ಮಲಗುವ ಹೊತ್ತೆಂದು ಒಪ್ಪಿ, ಕೂಸು ಬೇಗ ನಿದ್ದೆ ಹೋಗತೊಡಗಿದ ಮೇಲೆ ಹದಿನೈದು ಹದಿನೈದು ನಿಮಿಷ ಹಿಂದಕ್ಕೆ ತರಲಾಯಿತು. ಈ ಒಂದು ಬದಲಾವಣೆ ಅಳುವನ್ನು ತಗ್ಗಿಸಿದಷ್ಟು ಬೇರೆ ಯಾವುದೂ ತಗ್ಗಿಸಲಿಲ್ಲವೆಂದೇ ಹೇಳಬೇಕು.

ಹಾಲು ಕುಡಿಸುವುದನ್ನು ಮಲಗಿಸುವ ಮುನ್ನಿನ ಕ್ರಮದ ಮೊದಲಿಗೆ ತಂದು, ಆಮೇಲೆ ಬಟ್ಟೆ ಬದಲಿಸಿ, ದೀಪ ಸಣ್ಣದು ಮಾಡಿ, ಒಂದು ಹಾಡು ಹೇಳಿ, ಕಣ್ಣು ತೆರೆದಿರುವಾಗಲೇ ಮಲಗಿಸುವುದು. ಹೀಗೆ ಹಾಲಿಗೂ ನಿದ್ದೆಗೂ ನಡುವೆ ಇಪ್ಪತ್ತು ನಿಮಿಷದ ಅಂತರ ಬೀಳುತ್ತದೆ. ಪಕ್ಕದಲ್ಲಿ ಚಾಪೆ ಹಾಸಿಕೊಂಡವರು ಮೊದಲ ಹಂತದಲ್ಲಿ ಎದೆಯ ಮೇಲೆ ಮೆಲ್ಲಗೆ ತಟ್ಟುತ್ತಾರೆ, ಎರಡನೆಯದರಲ್ಲಿ ತಟ್ಟದೆ ಕೈಯನ್ನಷ್ಟೇ ಇಡುತ್ತಾರೆ, ಮೂರನೆಯದರಲ್ಲಿ ಚಾಪೆಯನ್ನು ಮೊಳದಷ್ಟು ದೂರಕ್ಕೆ, ಕೊನೆಗೆ ಬಾಗಿಲ ಬಳಿಗೆ ಸರಿಸುತ್ತಾರೆ. ಸತತ ಎರಡು ರಾತ್ರಿ ಕೂಸು ಇಪ್ಪತ್ತು ನಿಮಿಷದೊಳಗೆ ನಿದ್ದೆ ಹೋದರೆ ಮಾತ್ರ ಮುಂದಿನ ಹಂತ. ಅಳು ಜೋರಾಗಿ ಏರಿ ಹತ್ತು ನಿಮಿಷ ಇಳಿಯದಿದ್ದರೆ ಎತ್ತಿಕೊಳ್ಳಬಹುದು, ಎದೆಗವಚಿ ಸಮಾಧಾನಪಡಿಸಬಹುದು, ಆದರೆ ನಿದ್ದೆ ಹತ್ತುವ ಮುನ್ನ ಮತ್ತೆ ಮಲಗಿಸಬೇಕು. ತಂದೆಯ ಒಪ್ಪಿಗೆ ದೊರೆತದ್ದು ಈ ಎತ್ತಿಕೊಳ್ಳುವ ಅವಕಾಶದಿಂದಲೇ. ರಾತ್ರಿ ಒಂದು ಗಂಟೆಯ ನಂತರ ಒಂದು ಸಲ ಹಾಲು ಉಂಟು, ಅದು ತಾಯಿಯ ಪಾಲು; ಅದಕ್ಕೆ ಮುಂಚಿನ ಎಚ್ಚರಗಳು ತಂದೆಯವು. ಯಾರ ಸರದಿಯೋ ಅವರ ತೀರ್ಮಾನವೇ ಅಂತಿಮ, ಇನ್ನೊಬ್ಬರು ನಡುವೆ ಬರಬಾರದು, ಯೋಜನೆಯನ್ನು ಬದಲಿಸಬೇಕೆನಿಸಿದರೆ ಆ ಮಾತು ಹಗಲಿನಲ್ಲಿ ಮಾತ್ರ.

ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಮಲಗಿದ ಹೊತ್ತು, ಎದ್ದ ಹೊತ್ತು, ಅತ್ತ ನಿಮಿಷಗಳನ್ನು ಗಡಿಯಾರ ನೋಡಿ ಬರೆಯುವ ರೂಢಿ ಬಹಳ ಉಪಯೋಗಕ್ಕೆ ಬಂತು. "ತಾಸ್ಗಟ್ಲೆ ಅತ್ತೈತಿ ನೋಡು" ಎಂದು ತಂದೆ ಹೇಳಿದ ರಾತ್ರಿಯ ಚೌಕದಲ್ಲಿ ಅವನದೇ ಕೈಬರಹದಲ್ಲಿ ಹದಿನೇಳು ನಿಮಿಷವೆಂದಿತ್ತು. ಅದೇ ಕ್ಯಾಲೆಂಡರು ಹಾಲು ಬಿಡಿಸುವ ತಾಯಿಯ ಅವಸರಕ್ಕೂ ಕಡಿವಾಣ ಹಾಕಿತು, ಒಂದು ಗಂಟೆಯ ಹಾಲನ್ನು ತಪ್ಪಿಸಿ ನೋಡಿದ ರಾತ್ರಿಗಳಲ್ಲೆಲ್ಲ ನಸುಕಿನ ನಾಲ್ಕರ ಎಚ್ಚರ ಬರೆಯಲಾಗಿತ್ತು. ಆರಂಭದ ಎರಡು ಮೂರು ರಾತ್ರಿ ಅಳು ಕಡಿಮೆಯಾಗುವ ಬದಲು ಹೆಚ್ಚಾಗುವುದುಂಟು, ಹಳೆಯ ಫಲ ನಿಂತಾಗ ವರ್ತನೆ ಅಡಗುವ ಮುನ್ನ ಒಮ್ಮೆ ಉಕ್ಕುವುದು ನಿರೀಕ್ಷಿತ. ಅದು ಗೊತ್ತಿಲ್ಲದವರು ಸಾಮಾನ್ಯವಾಗಿ ಅಲ್ಲಿಯೇ ಕೈಬಿಡುತ್ತಾರೆ. ಇದಕ್ಕೆ ಹೊರತಾದ ಅಳುವನ್ನು ಬೇರೆಯಾಗಿ ಗುರುತಿಸಬೇಕು: ಮೈ ಬಿಸಿಯಾಗಿದ್ದರೆ, ಕೂಸು ಕಿವಿ ಹಿಡಿದು ಎಳೆದುಕೊಳ್ಳುತ್ತಿದ್ದರೆ, ಎತ್ತಿಕೊಂಡರೂ ಸಮಾಧಾನವಾಗದಿದ್ದರೆ, ಹಾಲು ಒಲ್ಲೆನ್ನುತ್ತಿದ್ದರೆ, ಉಚ್ಚೆ ಕಡಿಮೆಯಾಗಿದ್ದರೆ ಯೋಜನೆಯನ್ನು ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು, ಗುಣವಾದ ಮೇಲೆ ಒಂದು ಹಂತ ಹಿಂದಿನಿಂದ ಮುಂದುವರಿಸಬೇಕು. ತಂದೆಗೆ ರಾತ್ರಿಪಾಳಿ ಬಂದ ವಾರ ಹೊಸ ಹಂತಕ್ಕೆ ಹೋಗದೆ ಇದ್ದಲ್ಲಿಯೇ ಉಳಿಯುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ ತಾಯಿಯೊಬ್ಬಳ ಮೇಲೆ ಭಾರ ಬೀಳಲಿಲ್ಲ.

ಉಳಿದದ್ದು ಖಾನಾಪುರದ ಪ್ರಶ್ನೆ. ಮಳೆಗಾಲದಲ್ಲಿ ಥಂಡಿ ಹಿಡಿಯುವ ಆ ಊರಿನ ಮನೆಯಲ್ಲಿ ಕುಂಚಿಗೆ ಹಾಕಿ, ಜಂತಿಗೆ ಕಟ್ಟಿದ ತೊಟ್ಟಿಲಲ್ಲಿ ತೂಗಿಯೇ ಮಲಗಿಸುವುದು ಅಜ್ಜಿಯ ಕ್ರಮ, ಆಕೆಯ ಕೈಯಿಂದ ಹಗ್ಗ ಕಸಿದುಕೊಳ್ಳುವ ಯೋಜನೆ ಯಾವ ಮನೆಯಲ್ಲಿಯೂ ನಡೆಯಲಾರದು. ಕೂಸು ಹಗಲಿನ ನಿದ್ದೆಯನ್ನೂ ರಾತ್ರಿಯ ನಿದ್ದೆಯನ್ನೂ ಬೇರೆ ಬೇರೆಯಾಗಿ ಕಲಿಯಬಲ್ಲದೆಂಬ ಅಂಶ ಇಲ್ಲಿ ನೆರವಿಗೆ ಬಂತು: ಹಗಲಿನ ನಿದ್ದೆ ಎರಡೂ ಊರುಗಳಲ್ಲಿ ತೊಟ್ಟಿಲಿನಲ್ಲಿಯೇ, ಅಜ್ಜಿಯ ಮರ್ಜಿಯಂತೆ, ಆದರೆ ಯಾರಾದರೂ ಪಕ್ಕದಲ್ಲಿರುವಾಗ ಮಾತ್ರ, ರಾತ್ರಿಯ ನಿದ್ದೆ ಎರಡೂ ಊರುಗಳಲ್ಲಿ ಚಾಪೆಯ ಪಕ್ಕದ ಹಾಸಿಗೆಯಲ್ಲಿ. ಊರಿನಿಂದ ಮರಳಿದ ಮೊದಲ ರಾತ್ರಿಗಳಲ್ಲಿ ಕೂಸು ಹಳೆಯದನ್ನು ಕೇಳುವುದು ತಪ್ಪಲಿಲ್ಲ, ಚಾಪೆ ಮತ್ತೆ ಹಾಸಿಗೆಯ ಪಕ್ಕಕ್ಕೆ ಬಂದು ಕೆಲವೇ ದಿನಗಳಲ್ಲಿ ಬಾಗಿಲ ಬಳಿಗೆ ಮರಳಿತು. ಕೂಸು ಹಿಡಿದುಕೊಂಡು ನಿಲ್ಲಲು ಕಲಿತ ಮೇಲೆ, ಎದ್ದು ನಿಲ್ಲುವ ಕೂಸಿಗೆ ತೊಟ್ಟಿಲು ಅಪಾಯವೆಂದು ಅಜ್ಜಿಯೇ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದಳು, ಅಲ್ಲಿಂದ ಮುಂದೆ ಹಗಲಿನ ನಿದ್ದೆಯೂ ಚಾಪೆಗೆ ಬಂತು.