ಫೋನಿನಲ್ಲಿ ಬಂದ ಆಫರ್‌ಗೆ ಏನೆಂದು ಉತ್ತರಿಸಲಿ?

ಪ್ರಶ್ನೆ: ಆರು ವರ್ಷ ಅನುಭವದ ಬ್ಯಾಕೆಂಡ್ ಎಂಜಿನಿಯರ್ ನಾನು. ಈಗ ಫಿಕ್ಸೆಡ್ 21 ಲಕ್ಷ ಬರುತ್ತಿದೆ. ಹೊಸ ಕಂಪನಿಯ ಎಚ್‌ಆರ್ ಫೋನ್ ಮಾಡಿ 28 ಲಕ್ಷ ಸಿಟಿಸಿ ಅಂದರು. ಇನ್ನೂ ಸ್ವಲ್ಪ ಕೇಳುವ ಆಸೆ, ಆದರೆ ಪಟ್ಟು ಹಿಡಿದಂತೆ ಕಾಣಬಾರದು. ಹೇಗೆ ಬರೆಯಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಆ 28 ಲಕ್ಷದ ಬ್ರೇಕಪ್ ತರಿಸಿಕೊಳ್ಳಿ. ಉದಾಹರಣೆಗೆ ಅದರಲ್ಲಿ 3 ಲಕ್ಷ ವೇರಿಯಬಲ್ ಇದೆ, ಮೂಲ ವೇತನ 9 ಲಕ್ಷ ಎಂದುಕೊಳ್ಳೋಣ. ಕಂಪನಿ ಕಟ್ಟುವ ಪಿಎಫ್ ಶೇ. 12, ಗ್ರಾಚ್ಯುಟಿ ಶೇ. 4.81 ಸೇರಿ ಒಂದೂವರೆ ಲಕ್ಷವೂ ಸಿಟಿಸಿಯೊಳಗೇ ಇರುತ್ತದೆ. ಉಳಿಯುವ ಫಿಕ್ಸೆಡ್ 23.5 ಲಕ್ಷ. ಏಳು ಲಕ್ಷ ಏರಿಕೆಯಂತೆ ಕೇಳಿಸಿದ್ದು ಫಿಕ್ಸೆಡ್‌ನಲ್ಲಿ ಎರಡೂವರೆ ಲಕ್ಷ ಮಾತ್ರ. ಹಾಗಾಗಿ ನಿಮ್ಮ ಮಾತು ಸಿಟಿಸಿಯ ಮೇಲಲ್ಲ, ಫಿಕ್ಸೆಡ್ ಮೇಲೆ ನಡೆಯಲಿ.

ಎಚ್‌ಆರ್‌ಗೆ ಸಾಮಾನ್ಯವಾಗಿ ತಾನೇ ಸಂಬಳ ಏರಿಸುವ ಅಧಿಕಾರ ಇರುವುದಿಲ್ಲ. ನಿಮ್ಮ ಮೇಲ್ ಹಿಡಿದು ಅವರು ಮ್ಯಾನೇಜರ್ ಬಳಿ ಒಪ್ಪಿಗೆ ಕೇಳಬೇಕು. ‘ಇನ್ನೂ ಸ್ವಲ್ಪ ನೋಡಿ’ ಎಂದರೆ ಅವರ ಕೈಗೆ ಏನೂ ಸಿಗುವುದಿಲ್ಲ, ನಿಮಗೆ ಎಷ್ಟು ಕೊಟ್ಟರೂ ಸಾಲದು ಎಂಬ ಅನುಮಾನವೂ ಹುಟ್ಟುತ್ತದೆ. ಒಂದೇ ಅಂಕಿ, ಒಂದು ಕಾರಣ, ಅದು ಸಿಕ್ಕರೆ ನೀವೇನು ಮಾಡುತ್ತೀರಿ ಎಂಬ ಮಾತು, ಇಷ್ಟು ಕೊಡಿ. ಮೇಲ್‌ನ ತಿರುಳು ಹೀಗಿರಲಿ:

‘ಆಫರ್‌ಗೆ ಧನ್ಯವಾದ. ತಂಡದೊಂದಿಗೆ ಮಾತಾಡಿದ ಮೇಲೆ ಸೇರುವ ಮನಸ್ಸು ಗಟ್ಟಿಯಾಗಿದೆ. ಬ್ರೇಕಪ್ ನೋಡಿದೆ. ಇಲ್ಲಿ ಏಪ್ರಿಲ್‌ನಲ್ಲಿ ಬರಬೇಕಾದ ಇನ್‌ಕ್ರಿಮೆಂಟ್ ಬಿಟ್ಟು ಬರುತ್ತಿದ್ದೇನೆ. ಫಿಕ್ಸೆಡ್ 25.5 ಲಕ್ಷ ಮಾಡಲು ಸಾಧ್ಯವೇ? ಸಾಧ್ಯವಾದರೆ ಆಫರ್ ಲೆಟರ್ ಬಂದ ದಿನವೇ ಒಪ್ಪಿಗೆ ಕಳಿಸುತ್ತೇನೆ.’

ಕಾರಣ ನಿಜವಾದದ್ದಾಗಿರಲಿ. ಮನೆ ಸಾಲ, ಬಾಡಿಗೆಯ ಸುದ್ದಿ ಬೇಡ. ಅದನ್ನು ಮ್ಯಾನೇಜರ್ ಮುಂದೆ ಇಡಲು ಎಚ್‌ಆರ್‌ಗೆ ಆಗುವುದಿಲ್ಲ. ಇಲ್ಲದ ಇನ್ನೊಂದು ಆಫರ್ ಇದೆ ಎಂದು ಹೇಳಲೇಬೇಡಿ. ಪ್ರತಿ ಕಳಿಸಿ ಎಂದರೆ ಕೆಲಸವೇ ಕೈತಪ್ಪಬಹುದು.

‘ಬ್ಯಾಂಡ್ ಮುಗಿಯಿತು’ ಎಂಬ ಉತ್ತರ ಬಂದರೆ ಫಿಕ್ಸೆಡ್ ಅಲ್ಲಿಗೆ ಬಿಡಿ. ಜಾಯಿನಿಂಗ್ ಬೋನಸ್ ಕೇಳಿ. ಅದು ಒಂದೇ ಸಲದ ಖರ್ಚಾದ್ದರಿಂದ ಕಂಪನಿಗಳು ಸುಲಭವಾಗಿ ಒಪ್ಪುವುದುಂಟು. ಆದರೆ ಮರುವರ್ಷದ ಏರಿಕೆಯ ಲೆಕ್ಕಕ್ಕೆ ಅದು ಸೇರುವುದಿಲ್ಲ, ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತೂ ಇರಬಹುದು. 90 ದಿನದ ನೋಟಿಸ್ ಇದ್ದು ಅವರಿಗೆ ನೀವು ಬೇಗ ಬೇಕಿದ್ದರೆ, ಬೈಔಟ್ ಹಣವನ್ನು ಅವರೇ ಭರಿಸುವಂತೆಯೂ ಕೇಳಬಹುದು. ಎರಡನೇ ಸಲ ಕೇಳಿದ ಮೇಲೆ ಮೂರನೇ ಸಲ ಬೇಡ. ಪಟ್ಟು ಹಿಡಿದಂತೆ ಕಾಣುವುದು ಅಲ್ಲಿಂದಲೇ.

ಒಪ್ಪಿದ ಅಂಕಿ ಆಫರ್ ಲೆಟರ್‌ನಲ್ಲಿ ಬರುವವರೆಗೆ ಈಗಿನ ಕಂಪನಿಗೆ ರಾಜೀನಾಮೆ ಕಳಿಸಬೇಡಿ.